ಮೂರು ಪಿಕ್ಸೆಲ್‌ನ ಅಂಕಿ: ಮಸುಕಾದ ಸಿಸಿಟಿವಿ ಫೂಟೇಜ್‌ನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

(ವಕೀಲರು, ಪೊಲೀಸ್ ಸಿಬ್ಬಂದಿ, ಅಂಗಡಿ ಮಾಲೀಕರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಿಸಿಟಿವಿ ಫೂಟೇಜ್ ಹಿಡಿದುಕೊಂಡು ಬರುವವರು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಸಾರ್, ಇದನ್ನ ಸ್ವಲ್ಪ ಕ್ಲಿಯರ್ ಮಾಡ್ಕೊಡಿ, ನಂಬರ್ ಕಂಡರೆ ಸಾಕು." ಮೊದಲೆಲ್ಲ ಇದಕ್ಕೆ "ಆಗಲ್ಲ" ಅಂದರೆ ವಿಷಯ ಅಲ್ಲಿಗೇ ನಿಲ್ಲುತ್ತಿತ್ತು. ಈಗ ಹಾಗಿಲ್ಲ. ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡು ಒತ್ತಿದರೆ ಎರಡೇ ನಿಮಿಷಕ್ಕೆ ನಂಬರ್ ಥಳಥಳ ಹೊಳೆಯುತ್ತಾ ಬರುತ್ತದೆ. "ನಿಮಗಾಗದ್ದು ಇದಕ್ಕಾಯ್ತಲ್ಲ" ಅಂತ ಕೇಳುತ್ತಾರೆ. ಆ ಹೊಳೆಯುವ ನಂಬರ್ ಎಲ್ಲಿಂದ ಬಂತು ಅನ್ನುವುದನ್ನೇ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ. ಮುಖ, ಬಟ್ಟೆ, ನಡಿಗೆ ಎಲ್ಲದಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ. ಆದರೆ ನಂಬರ್ ಪ್ಲೇಟಿನಲ್ಲಿ ಲೆಕ್ಕ ಹಾಕಿ ತೋರಿಸಬಹುದು, ಹಾಗಾಗಿ ಅದನ್ನೇ ಹಿಡಿಯೋಣ.

ಒಂದು ಮಾದರಿ ಪ್ರಕರಣ ಇಟ್ಟುಕೊಳ್ಳೋಣ. ಸಂಜೆ ಏಳೂವರೆ, ಸರಗಳ್ಳತನ. ಸ್ಕೂಟರ್ ಮೇಲೆ ಬಂದವರು ಕಿತ್ತುಕೊಂಡು ಹೋದರು. ಎದುರಿನ ಕಿರಾಣಿ ಅಂಗಡಿಯ ಕ್ಯಾಮೆರಾದಲ್ಲಿ ಸ್ಕೂಟರಿನ ಹಿಂಭಾಗ ಕಾಣುತ್ತಿದೆ, ದೂರ ಸುಮಾರು 10 ಮೀಟರ್. ಕ್ಯಾಮೆರಾ ಎಲ್ಲ ಅಂಗಡಿಗಳಲ್ಲೂ ಇರುವಂಥದ್ದೇ: ಎರಡು ಮೆಗಾಪಿಕ್ಸೆಲ್, ಅಂದರೆ 1920 × 1080, ಜೊತೆಗೆ 2.8 ಮಿ.ಮೀ. ಲೆನ್ಸ್.

ಈ 2.8 ಲೆನ್ಸ್ ತುಂಬ ಅಗಲಕ್ಕೆ ನೋಡುತ್ತದೆ, ಹತ್ತಿರ ಹತ್ತಿರ 105 ಡಿಗ್ರಿ. 10 ಮೀಟರ್ ದೂರದಲ್ಲಿ ಅದರ ಚೌಕಟ್ಟಿಗೆ ಸುಮಾರು 26 ಮೀಟರ್ ಅಗಲದ ಬೀದಿ ಬೀಳುತ್ತದೆ. 1920 ಪಿಕ್ಸೆಲ್‌ಗಳನ್ನು ಈ 26 ಮೀಟರಿಗೆ ಹಂಚಿದರೆ ಒಂದು ಮೀಟರಿಗೆ ಬರುವುದು 74 ಪಿಕ್ಸೆಲ್. ಅಂದರೆ ಒಂದೊಂದು ಪಿಕ್ಸೆಲ್ ಬೀದಿಯಲ್ಲಿ 13.5 ಮಿ.ಮೀ. ಚೌಕವನ್ನು ನೋಡುತ್ತಿದೆ.

ಈಗ ಪ್ಲೇಟಿಗೆ ಬನ್ನಿ. ದ್ವಿಚಕ್ರ ವಾಹನದ ಹಿಂದಿನ ಪ್ಲೇಟ್ 200 × 100 ಮಿ.ಮೀ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದರ ಮೇಲಿನ ಅಂಕಿಯ ಎತ್ತರ 40 ಮಿ.ಮೀ., ಗೆರೆಯ ದಪ್ಪ 7 ಮಿ.ಮೀ. ನಮ್ಮ ಕ್ಯಾಮೆರಾದಲ್ಲಿ ಆ ಪ್ಲೇಟ್ ಪೂರ್ತಿ 15 ಪಿಕ್ಸೆಲ್ ಅಗಲ. ಒಂದು ಅಂಕಿಯ ಎತ್ತರ ಮೂರು ಪಿಕ್ಸೆಲ್, ಅಗಲ ಎರಡರಷ್ಟು. ಅಂಕಿಯನ್ನು ಬರೆದ ಗೆರೆ ಅರ್ಧ ಪಿಕ್ಸೆಲ್. ಮಾನಿಟರಿನಲ್ಲಿ ಇಡೀ ದೃಶ್ಯ ಚೆನ್ನಾಗಿ ಕಾಣುತ್ತಿರುತ್ತದೆ, ಸ್ಕೂಟರಿನ ಬಣ್ಣ ಕೂಡ ಗೊತ್ತಾಗುತ್ತದೆ. ಅದಕ್ಕೇ ಜನಕ್ಕೆ ನಂಬರೂ ಒಳಗೆಲ್ಲೋ ಇದೆ, ಹೊರಗೆ ತೆಗೆಯುವುದಷ್ಟೇ ಬಾಕಿ ಅನ್ನಿಸುವುದು.

ಪಿಕ್ಸೆಲ್ ಅಂದರೆ ಒಂದು ಸರಾಸರಿ. ಆ 13.5 ಮಿ.ಮೀ. ಚೌಕದೊಳಗೆ ಬಿದ್ದ ಬೆಳಕನ್ನೆಲ್ಲ ಕೂಡಿಸಿ ಒಂದೇ ಸಂಖ್ಯೆಯಾಗಿ ಬರೆದಿಡುತ್ತದೆ. ಐದು ಮಕ್ಕಳ ಸರಾಸರಿ ಅಂಕ 60 ಅಂತ ಮಾತ್ರ ಹೇಳಿ, ಒಬ್ಬೊಬ್ಬರ ಅಂಕ ಎಷ್ಟು ಅಂತ ಕೇಳಿದರೆ ಯಾವ ಲೆಕ್ಕದ ಮೇಷ್ಟ್ರೂ ಹೇಳಲಾರರು. ಐದು ಅಂಕ ಬರೆದುಕೊಟ್ಟು "ಸರಾಸರಿ ಸರಿಹೋಯ್ತು ನೋಡಿ" ಅನ್ನಬಹುದು. ಸರಿಹೋಗುವ ಉತ್ತರಗಳು ಲೆಕ್ಕವಿಲ್ಲದಷ್ಟಿವೆ.

ಇಲ್ಲಿ ಓದಿಕೊಂಡವರು ಒಂದು ಆಕ್ಷೇಪ ಎತ್ತುತ್ತಾರೆ, ಅದು ನ್ಯಾಯವಾದದ್ದೇ. "ಇರುವುದು ಹತ್ತೇ ಅಂಕಿ. ಆರು ಪಿಕ್ಸೆಲ್‌ಗಳಲ್ಲಿ ಒಂದೊಂದಕ್ಕೂ ಕಪ್ಪಿನಿಂದ ಬಿಳುಪಿನವರೆಗೆ ಬೆಳಕಿನ 256 ಮಟ್ಟಗಳಿವೆ. ಹತ್ತನ್ನು ಬೇರ್ಪಡಿಸಲು ಅಷ್ಟು ಸಾಲದೇ?" ಗದ್ದಲ, ಅಂದರೆ ಚಿತ್ರದಲ್ಲಿ ತಾನಾಗಿಯೇ ಸೇರಿಕೊಳ್ಳುವ ಕಾಳುಕಾಳಾದ ಏರುಪೇರು, ಇಲ್ಲವೇ ಇಲ್ಲದ ಲೋಕದಲ್ಲಿ ಸಾಕು. ಆದರೆ 6 ಮತ್ತು 8ರ ನಡುವೆ ಇರುವ ವ್ಯತ್ಯಾಸ ಎಷ್ಟು ನೋಡಿ. ಬಲಮೇಲ್ಭಾಗದ ಒಂದು ತುಂಡು ಗೆರೆ, 7 ಮಿ.ಮೀ. ದಪ್ಪ, ಹೆಚ್ಚೆಂದರೆ 10 ಮಿ.ಮೀ. ಉದ್ದ. ಎಂಟರಲ್ಲಿ ಅದಿದೆ, ಆರರಲ್ಲಿ ಇಲ್ಲ. ಅದರ ವಿಸ್ತೀರ್ಣ 70 ಚದರ ಮಿ.ಮೀ., ಒಂದು ಪಿಕ್ಸೆಲ್‌ನದು 182. ಆ ತುಂಡು ಅಚ್ಚುಕಟ್ಟಾಗಿ ಒಂದೇ ಪಿಕ್ಸೆಲ್ ಒಳಗೆ ಬಿದ್ದರೆ ಕಪ್ಪು-ಬಿಳುಪಿನ ಅಂತರದ ಶೇ. 38ರಷ್ಟು ಬದಲಾವಣೆ ಕಾಣುತ್ತದೆ. ನಾಲ್ಕು ಪಿಕ್ಸೆಲ್‌ಗಳ ಮೂಲೆ ಸೇರುವಲ್ಲಿ ಬಿದ್ದರೆ ಒಂದೊಂದಕ್ಕೆ ಶೇ. 10. ಸಂಜೆಯ ಬೆಳಕಿನಲ್ಲಿ ಪ್ಲೇಟಿನ ಕಪ್ಪಿಗೂ ಬಿಳುಪಿಗೂ 60 ಮಟ್ಟದ ಅಂತರ ಇದೆ ಅಂತಿಟ್ಟುಕೊಂಡರೆ, 6 ಮತ್ತು 8ನ್ನು ಬೇರೆ ಮಾಡುವುದು ಪಿಕ್ಸೆಲ್‌ಗೆ ಆರು ಮಟ್ಟ. ಲೆನ್ಸ್ ತಾನೇ ಸ್ವಲ್ಪ ಹರಡುವುದರಿಂದ ಅದು ಎರಡೋ ಮೂರೋ ಆಗುತ್ತದೆ. ಕತ್ತಲಲ್ಲಿ ಈ ಕ್ಯಾಮೆರಾಗಳ ಸೆನ್ಸರ್ ಗದ್ದಲ ಅದಕ್ಕಿಂತ ಜೋರಾಗಿರುತ್ತದೆ. ಎಂಟಾಗಿಸುವ ಆ ಗೆರೆ ಗದ್ದಲದೊಳಗೆ ಮುಳುಗಿತು.

ಇದರ ಮೇಲೆ ಇನ್ನೂ ಮೂರು ಪೆಟ್ಟು ಬೀಳುತ್ತವೆ. ಮೊದಲನೆಯದು ಚಲನೆ. ಕತ್ತಲಾದಂತೆ ಕ್ಯಾಮೆರಾ ತಾನಾಗಿಯೇ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಸೆಕೆಂಡಿನ 25ನೇ ಒಂದು ಭಾಗದವರೆಗೂ. ಗಂಟೆಗೆ 36 ಕಿ.ಮೀ. ಅಂದರೆ ಸೆಕೆಂಡಿಗೆ 10 ಮೀಟರ್, ಶಟರ್ ತೆರೆದಿದ್ದಷ್ಟು ಹೊತ್ತಿಗೆ ಸ್ಕೂಟರ್ 40 ಸೆಂ.ಮೀ. ಹೋಗಿರುತ್ತದೆ. ಅದು ಓರೆಯಾಗಿ ದೂರ ಹೋಗುತ್ತಿದೆ, ಹಾಗಾಗಿ ಅಡ್ಡಕ್ಕೆ ಸರಿಯುವುದು ಅದರಲ್ಲಿ ಒಂದು ಪಾಲು ಮಾತ್ರ. ಕಾಲು ಭಾಗ ಅಂತ ಹಿಡಿದರೂ 10 ಸೆಂ.ಮೀ., ಏಳು ಪಿಕ್ಸೆಲ್. ಎರಡು ಪಿಕ್ಸೆಲ್ ಅಗಲದ ಅಂಕಿ ಏಳು ಪಿಕ್ಸೆಲ್ ಉದ್ದಕ್ಕೆ ಬಳಿದುಹೋಗಿ ಪಕ್ಕದ ಅಂಕಿಗಳ ಮೇಲೆ ಹತ್ತಿಕೊಂಡಿರುತ್ತದೆ.

"ಚಲನೆಯ ಮಸುಕನ್ನು ತೆಗೆಯಲು ಸೂತ್ರಗಳಿವೆಯಲ್ಲ?" ಹೌದು, ಇವೆ. ವೀನರ್ ಫಿಲ್ಟರ್, ರಿಚರ್ಡ್‌ಸನ್-ಲೂಸಿ ವಿಧಾನ, ಇವೆಲ್ಲ ಹಳೆಯವು, ಗಟ್ಟಿಯಾದವು. ಮಸುಕಿನ ದಿಕ್ಕು ಮತ್ತು ಉದ್ದ ಗೊತ್ತಿದ್ದರೆ ಹಿಂದಕ್ಕೆ ಲೆಕ್ಕ ಹಾಕುತ್ತವೆ. ದೊಡ್ಡ ಅಕ್ಷರಕ್ಕೆ ಅದ್ಭುತವಾಗಿ ಕೆಲಸ ಮಾಡುವುದನ್ನು ನಾನೇ ನೋಡಿದ್ದೇನೆ. ಆದರೆ ಒಂದು ಮಿತಿಯನ್ನು ಯಾವ ಸೂತ್ರವೂ ದಾಟಲಾರದು. ಏಳು ಪಿಕ್ಸೆಲ್‌ಗೊಮ್ಮೆ ಮರುಕಳಿಸುವ ಕಪ್ಪು-ಬಿಳಿ ಪಟ್ಟೆಗಳನ್ನು ಸರಿಯಾಗಿ ಏಳು ಪಿಕ್ಸೆಲ್ ಎಳೆದರೆ ಎಲ್ಲ ಕಡೆ ಒಂದೇ ಬೂದು ಬಣ್ಣ ಉಳಿಯುತ್ತದೆ. ಪಟ್ಟೆ ಇತ್ತು ಅನ್ನುವ ಸುಳಿವೂ ಉಳಿಯುವುದಿಲ್ಲ. ಸೊನ್ನೆಯಾದದ್ದನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆ. ಪೂರ್ತಿ ಸೊನ್ನೆಯಾಗದೆ ಕ್ಷೀಣಿಸಿದ್ದನ್ನು ಮೇಲೆತ್ತಬಹುದು, ಆಗ ಜೊತೆಗೆ ಗದ್ದಲವೂ ಅಷ್ಟೇ ಪಟ್ಟು ಮೇಲೇಳುತ್ತದೆ. ಮಿತಿಮೀರಿ ಎತ್ತಿದ ಗುರುತು ಹಿಡಿಯುವುದು ಸುಲಭ: ಪ್ಲೇಟಿನ ಅಂಚಿನ ಸುತ್ತ, ಅಕ್ಷರವೇ ಇರಬಾರದ ಜಾಗದಲ್ಲಿ, ಅಂಚಿಗೆ ಸಮಾನಾಂತರವಾಗಿ ಅಲೆಅಲೆಯಾದ ಗೆರೆಗಳು ಏಳುತ್ತವೆ. ಅಂಥ ಅಲೆ ಅಂಕಿಯ ಮೇಲೂ ಬಿದ್ದಿರುತ್ತದೆ, ಅಲ್ಲಿ ಅದನ್ನು ಗೆರೆ ಅಂತಲೇ ಓದಿಬಿಡುತ್ತೇವೆ.

ಎರಡನೆಯ ಪೆಟ್ಟು ಪ್ಲೇಟಿನದೇ. ಈಗಿನ ಎಚ್‌ಎಸ್‌ಆರ್‌ಪಿ ಪ್ಲೇಟ್‌ಗಳು ಬಂದ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುತ್ತವೆ. ಕ್ಯಾಮೆರಾದ ಸುತ್ತ ಇರುವ ಇನ್‌ಫ್ರಾರೆಡ್ ದೀಪಗಳು ಹತ್ತಿಕೊಂಡರೆ ಆ ಬೆಳಕೆಲ್ಲ ಸೀದಾ ಲೆನ್ಸಿಗೇ ವಾಪಸ್. ಪ್ಲೇಟ್ ಪೂರ್ತಿ ಬೆಳ್ಳಗೆ ಉರಿದು ಎಲ್ಲ ಪಿಕ್ಸೆಲ್‌ಗಳೂ 255ಕ್ಕೆ ಹೋಗಿ ಕೂತಿರುತ್ತವೆ. ಕತ್ತಲಾದ ಜಾಗವನ್ನು ಬೆಳಗಿಸಿದರೆ ಏನಾದರೂ ಕಾಣಬಹುದು, ಇಲ್ಲಿ ಬ್ರೈಟ್‌ನೆಸ್ ಎಷ್ಟು ಇಳಿಸಿದರೂ ಸಿಗುವುದು ಒಂದೇ ಬಣ್ಣದ ಬೂದು ಚೌಕ.

ಮೂರನೆಯದು ಡಿವಿಆರ್, ಕ್ಯಾಮೆರಾ ಕಂಡದ್ದನ್ನು ದಾಖಲಿಸಿಕೊಳ್ಳುವ ಪೆಟ್ಟಿಗೆ. ಇದರ ಬಗ್ಗೆ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ನಮ್ಮ ಕೈಯಲ್ಲಿ ಇರುವುದು ಇದೊಂದೇ. ಡಿವಿಆರ್ ಪ್ರತಿ ಫ್ರೇಮನ್ನೂ ಫೋಟೊದ ಹಾಗೆ ಇಟ್ಟುಕೊಳ್ಳುವುದಿಲ್ಲ. ಎಚ್.264 ಅಥವಾ ಎಚ್.265 ಅನ್ನುವ ವಿಧಾನದಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಫ್ರೇಮ್ ಬರೆದು, ನಡುವಿನವುಗಳಲ್ಲಿ ಏನು ಬದಲಾಯಿತೋ ಅದನ್ನಷ್ಟೇ ಬರೆಯುತ್ತದೆ. ಬದಲಾಗಿಲ್ಲ ಅನ್ನಿಸಿದ ಚೌಕಗಳನ್ನು ಹಿಂದಿನ ಫ್ರೇಮಿನಿಂದ ನಕಲು ಮಾಡುತ್ತದೆ. ಸಣ್ಣ ಸಣ್ಣ ವಿವರಗಳನ್ನು ಜಾಗ ಉಳಿಸಲು ಬಿಸಾಡುತ್ತದೆ, ನಮ್ಮ ಎರಡು ಮೂರು ಮಟ್ಟದ ವ್ಯತ್ಯಾಸ ಹೋಗುವುದು ಅಲ್ಲೇ.

ಇಷ್ಟು ಕಳೆದ ಮೇಲೆ ಉಳಿದದ್ದನ್ನೂ ನಾವೇ ಹಾಳು ಮಾಡುತ್ತೇವೆ. ಅಂಗಡಿಯವರು ಮಾನಿಟರಿಗೆ ಮೊಬೈಲ್ ಹಿಡಿದು ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ಅದು ಮತ್ತೊಮ್ಮೆ ಒತ್ತಿ ಕುಗ್ಗಿಸುತ್ತದೆ. ಇಲ್ಲವಾದರೆ ಮೊಬೈಲ್ ಆ್ಯಪ್‌ನಿಂದ ಸೇವ್ ಮಾಡಿ ಕೊಡುತ್ತಾರೆ. ಬಹಳಷ್ಟು ಆ್ಯಪ್‌ಗಳು ತೋರಿಸುವುದು ಪೂರ್ಣ ಗಾತ್ರದ ಮೇನ್ ಸ್ಟ್ರೀಮ್ ಅಲ್ಲ, ಕುಗ್ಗಿಸಿದ ಸಬ್ ಸ್ಟ್ರೀಮ್, ಅದು 704 × 576 ಅಥವಾ ಇನ್ನೂ ಚಿಕ್ಕ 352 × 288 ಇರಬಹುದು. ನಮ್ಮ ಮೂರು ಪಿಕ್ಸೆಲ್‌ನ ಅಂಕಿ ಅಲ್ಲಿ ಒಂದು ಪಿಕ್ಸೆಲ್. ಆದ್ದರಿಂದ ಯಾರಾದರೂ "ಕ್ಲಿಯರ್ ಮಾಡಿ" ಅಂದರೆ ನಾನು ಮೊದಲು ಕೇಳುವುದು, "ಇದು ಡಿವಿಆರ್‌ನಿಂದ ನೇರ ಪೆನ್‌ಡ್ರೈವಿಗೆ ಎಕ್ಸ್‌ಪೋರ್ಟ್ ಮಾಡಿದ್ದಾ, ಮೇನ್ ಸ್ಟ್ರೀಮಾ?" ಅಂತ. ಯಾವ ಫಿಲ್ಟರೂ ಮಾಡದಷ್ಟು ಸುಧಾರಣೆ ಮೂಲ ಫೈಲ್ ತಂದುಕೊಟ್ಟರೆ ಆಗುತ್ತದೆ. ಡಿಸ್ಕ್ ತುಂಬಿದ ಮೇಲೆ ಡಿವಿಆರ್ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ, ಹಾಗಾಗಿ ತರುವುದು ಬೇಗ ಆಗಬೇಕು.

ಫೈಲ್ ಕೈಗೆ ಬಂದ ಮೇಲೆ ಮೊದಲು ಅದರ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಒಂದು ಸಂಖ್ಯೆ, ತೆಗೆದು ಬರೆದಿಟ್ಟುಕೊಳ್ಳುತ್ತೇವೆ, ಮೂಲವನ್ನು ಮುಟ್ಟದೆ ನಕಲಿನ ಮೇಲೆ ಕೆಲಸ ಮಾಡುತ್ತೇವೆ. ಯಾವ ಫ್ರೇಮ್ ಪೂರ್ಣ, ಯಾವುದು ಬದಲಾವಣೆ ಮಾತ್ರ ಅನ್ನುವುದನ್ನೂ ನೋಡಿಕೊಳ್ಳುತ್ತೇವೆ:

```
sha256sum clip.mp4
ffprobe -v error -select_streams v:0 -show_entries frame=pict_type -of csv clip.mp4
```

ಎರಡನೆಯ ಸಾಲು I, P, B ಅಂತ ಪಟ್ಟಿ ಕೊಡುತ್ತದೆ. I ಅಂದರೆ ಪೂರ್ಣ ಫ್ರೇಮ್. ಪ್ಲೇಟ್ ಕಾಣುವ ಕ್ಷಣದಲ್ಲಿ ಒಂದು I ಸಿಕ್ಕರೆ ಅಲ್ಲಿಂದ ಶುರು ಮಾಡುವುದು ವಾಸಿ.

ಪ್ರಾಮಾಣಿಕವಾಗಿ ಮಾಡಬಹುದಾದ ಕೆಲಸ ಇಲ್ಲೂ ಇದೆ. ಬೆಳಕು ಮತ್ತು ಕಾಂಟ್ರಾಸ್ಟ್ ಹೊಂದಿಸುವುದು, ಲೆನ್ಸ್ ಬಗ್ಗಿಸಿದ್ದನ್ನು ನೇರ ಮಾಡುವುದು, ಓರೆಯಾದ ಪ್ಲೇಟನ್ನು ಎದುರಿನಿಂದ ನೋಡಿದ ಹಾಗೆ ತಿರುಗಿಸುವುದು. ಇದೆಲ್ಲ ಇದ್ದ ಮಾಹಿತಿಯನ್ನು ಕಣ್ಣಿಗೆ ಹಿತವಾಗಿ ಜೋಡಿಸುವುದಷ್ಟೇ. ನಿಜವಾದ ಲಾಭ ಸಿಗುವುದು ಹಲವು ಫ್ರೇಮ್‌ಗಳನ್ನು ಒಂದರ ಮೇಲೊಂದು ಕೂಡಿಸಿ ಸರಾಸರಿ ತೆಗೆದಾಗ. 16 ಫ್ರೇಮ್ ಕೂಡಿಸಿದರೆ ಗದ್ದಲ ಕಾಲು ಭಾಗಕ್ಕೆ ಇಳಿಯುತ್ತದೆ. ಫ್ರೇಮಿನಿಂದ ಫ್ರೇಮಿಗೆ ಪ್ಲೇಟ್ ಅರ್ಧ, ಕಾಲು ಪಿಕ್ಸೆಲ್ ಸರಿದಿದ್ದರೆ ಸ್ವಲ್ಪ ಸೂಕ್ಷ್ಮತೆಯೂ ಹೆಚ್ಚುತ್ತದೆ. ಎಷ್ಟು? ಬೇಕರ್ ಮತ್ತು ಕನಾಡೆ ಎಂಬ ಸಂಶೋಧಕರು 2002ರಲ್ಲಿ ತೋರಿಸಿದಂತೆ, ಹಿಗ್ಗಿಸುವ ಪ್ರಮಾಣ ಏರಿದಂತೆ ಫ್ರೇಮ್‌ಗಳು ಕೊಡುವ ಮಾಹಿತಿಯ ಬೆಲೆ ಬೇಗನೆ ಇಳಿಯುತ್ತದೆ. ಲಿನ್ ಮತ್ತು ಶಮ್ 2004ರಲ್ಲಿ ಕೊಟ್ಟ ಪ್ರಾಯೋಗಿಕ ಮಿತಿ 1.6 ಪಟ್ಟು. ನಮ್ಮ ಮೂರು ಪಿಕ್ಸೆಲ್ ಐದಾದೀತು, ಮೂವತ್ತಾಗದು.

ಅದರಲ್ಲೂ ಒಂದು ಬಲೆ ಇದೆ. ಡಿವಿಆರ್ ಚೌಕಗಳನ್ನು ನಕಲು ಮಾಡಿದ್ದರೆ ನಿಮ್ಮ 16 ಫ್ರೇಮ್ ನಿಜಕ್ಕೂ ಒಂದೇ ಫ್ರೇಮಿನ 16 ಪ್ರತಿ. ಸರಾಸರಿ ತೆಗೆದರೂ ಏನೂ ಬದಲಾಗದು. ಪತ್ತೆ ಮಾಡಲು ಒಂದು ಫ್ರೇಮಿನಿಂದ ಮುಂದಿನದನ್ನು ಕಳೆಯಿರಿ. ನಿಜವಾದ ಎರಡು ಫ್ರೇಮ್‌ಗಳ ನಡುವೆ ಎಲ್ಲ ಕಡೆ ಸಣ್ಣ ಗದ್ದಲದ ವ್ಯತ್ಯಾಸ ಇರಲೇಬೇಕು. ಚೌಕ ಚೌಕವಾಗಿ ಅಚ್ಚ ಸೊನ್ನೆ ಬಂದರೆ ಅದು ನಕಲು.

ಈಗ ಆ್ಯಪ್ ವಿಷಯಕ್ಕೆ ಬರುತ್ತೇನೆ. ಇದು ಮೇಲೆ ಹೇಳಿದ ಯಾವುದನ್ನೂ ಮಾಡುವುದಿಲ್ಲ. ಲಕ್ಷಾಂತರ ಸ್ಪಷ್ಟ ಚಿತ್ರಗಳನ್ನು ನೋಡಿ ಕಲಿತಿರುತ್ತದೆ. ಇಂಥ ಮಸುಕಿನ ಹಿಂದೆ ಸಾಮಾನ್ಯವಾಗಿ ಎಂಥ ಚಿತ್ರ ಇರುತ್ತದೋ ಅಂಥದ್ದನ್ನು ಬರೆದು ಕೊಡುತ್ತದೆ. ಆ ಗೆರೆ ಬಂದದ್ದು ನಿಮ್ಮ ಬೀದಿಯ ಸ್ಕೂಟರಿನಿಂದ ಅಲ್ಲ, ಅದು ಕಲಿತ ಚಿತ್ರಗಳಿಂದ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಪಲ್ಸ್ ಎಂಬ ಪ್ರೋಗ್ರಾಂ ಹೊರತಂದಿತು. ಅದು 16 × 16 ಪಿಕ್ಸೆಲ್ ಮುಖವನ್ನು 1024 × 1024 ಮಾಡಿ ಕೊಡುತ್ತಿತ್ತು, ರೆಪ್ಪೆಗೂದಲು ಸಮೇತ. ಯಾರೋ ಒಬ್ಬರು ಬರಾಕ್ ಒಬಾಮ ಅವರ ಮಸುಕು ಮಾಡಿದ ಚಿತ್ರ ಕೊಟ್ಟರು. ಮಸುಕಿನಲ್ಲೂ ನೋಡಿದವರೆಲ್ಲ ಗುರುತು ಹಿಡಿಯುವ ಆ ಚಿತ್ರಕ್ಕೆ ಪ್ರೋಗ್ರಾಂ ಕೊಟ್ಟದ್ದು ಯಾರೋ ಬಿಳಿಯನ ಮುಖ. ಆ ಹೊಸ ಮುಖವನ್ನು ಮತ್ತೆ ಕುಗ್ಗಿಸಿದರೆ ಕೊಟ್ಟ ಮಸುಕಿಗೆ ಹೊಂದುತ್ತಿತ್ತು, ಆ ಪ್ರೋಗ್ರಾಂ ಹುಡುಕುವುದೇ ಹಾಗೆ ಹೊಂದುವ ಮುಖವನ್ನು. ಹೊಂದುವ ಮುಖಗಳು ಎಷ್ಟೋ ಇವೆ, ಅದರಲ್ಲಿ ಇದೂ ಒಂದು ಅಷ್ಟೇ. ಗುರುತು ಪತ್ತೆಗೆ ಇದನ್ನು ಬಳಸಲಾಗದು ಅಂತ ಡ್ಯೂಕ್‌ನವರು ಹೊರತಂದಾಗಲೇ ಹೇಳಿದ್ದರು.

ಅಂಕಿಯ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇನ್ನೂ ಹಳೆಯ ಪ್ರಕರಣ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಒಂದು ಕಟ್ಟಡದ ನಕ್ಷೆಯನ್ನು ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ 21.11 ಚದರ ಮೀಟರ್ ಇದ್ದ ಕೋಣೆ 14.13 ಅಂತ ಬಂತು. ಜಾಗ ಉಳಿಸಲು ಆ ಯಂತ್ರ ಒಂದೇ ತರ ಕಾಣುವ ಚೂರುಗಳನ್ನು ಒಂದರ ಬದಲು ಇನ್ನೊಂದಾಗಿ ಬಳಸುತ್ತಿತ್ತು. ಬೇರೆ ಕಾಗದಗಳಲ್ಲಿ 6 ಇದ್ದದ್ದು 8 ಆಗಿತ್ತು. ಆ ತಪ್ಪು ಅಂಕಿಯಲ್ಲಿ ಮಸುಕಿರಲಿಲ್ಲ, ಕಲೆಯಿರಲಿಲ್ಲ, ಅನುಮಾನ ಬರುವ ಯಾವ ಗುರುತೂ ಇರಲಿಲ್ಲ. ಮಸುಕಾದ ಅಂಕಿ ಕನಿಷ್ಠ "ನನ್ನನ್ನು ನಂಬಬೇಡ" ಅಂತ ಹೇಳುತ್ತದೆ. ಊಹಿಸಿದ ಅಂಕಿ ಆ ಎಚ್ಚರಿಕೆಯನ್ನೇ ಅಳಿಸಿಹಾಕುತ್ತದೆ.

ನ್ಯಾಯಾಲಯಗಳೂ ಇದನ್ನು ಎದುರಿಸತೊಡಗಿವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ ಒಂದು ಕೊಲೆ ಪ್ರಕರಣದ ಆರೋಪಿ ಪರ ವಕೀಲರು ಮೊಬೈಲ್ ವಿಡಿಯೊ ಒಂದನ್ನು ಎಐ ಸಾಫ್ಟ್‌ವೇರ್‌ನಲ್ಲಿ ಸ್ಪಷ್ಟಗೊಳಿಸಿ ಹಾಜರುಪಡಿಸಲು ಹೊರಟರು. ಮೂಲಕ್ಕಿಂತ ಸುಮಾರು 16 ಪಟ್ಟು ಪಿಕ್ಸೆಲ್ ಅದರಲ್ಲಿತ್ತು. 2024ರ ಮಾರ್ಚ್‌ನಲ್ಲಿ ನ್ಯಾಯಾಧೀಶ ಲೆರಾಯ್ ಮೆಕಲೊ ಅದನ್ನು ತಿರಸ್ಕರಿಸಿದರು. ಆ ವಿಧಾನವನ್ನು ವಿಡಿಯೊ ವಿಶ್ಲೇಷಕರ ಸಮುದಾಯ ಒಪ್ಪಿಲ್ಲ, ಯಂತ್ರ ಏನಿರಬೇಕು ಅಂದುಕೊಂಡಿತೋ ಅದನ್ನು ಅದು ತೋರಿಸುತ್ತದೆ ಅನ್ನುವುದು ಕಾರಣ. ಹದಿನಾರರಲ್ಲಿ ಹದಿನೈದು ಪಿಕ್ಸೆಲ್ ಘಟನೆಯ ಸ್ಥಳದಲ್ಲಿ ಹುಟ್ಟಿದ್ದೇ ಅಲ್ಲ ಅಂದಮೇಲೆ ಬೇರೆ ತೀರ್ಪು ಹೇಗೆ ಬಂದೀತು?

ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ, ಅದರಲ್ಲಿ ಹ್ಯಾಶ್ ಬರೆಯಬೇಕು. ವಕೀಲ ಮಿತ್ರರು ಒಂದು ವಿಷಯ ಗಮನಿಸಬೇಕು. ಹ್ಯಾಶ್ ಹೇಳುವುದು ಫೈಲ್ ಬದಲಾಗಿಲ್ಲ ಅಂತ ಮಾತ್ರ. ಆ್ಯಪ್‌ನಲ್ಲಿ ಹಾಯಿಸಿದ ಮೇಲೆ ಹ್ಯಾಶ್ ತೆಗೆದರೆ, ಊಹಿಸಿದ ಚಿತ್ರಕ್ಕೇ ಮುದ್ರೆ ಒತ್ತಿದ ಹಾಗಾಗುತ್ತದೆ. ಆದ್ದರಿಂದ ಸಾಕ್ಷಿಯನ್ನು ಸವಾಲು ಮಾಡುವಾಗ ಕೇಳಬೇಕಾದದ್ದು, ಡಿವಿಆರ್‌ನಿಂದ ಬಂದ ಮೂಲ ಎಲ್ಲಿ, ಅದರಿಂದ ಈ ಚಿತ್ರದವರೆಗೆ ನಡೆದ ಒಂದೊಂದು ಹೆಜ್ಜೆಯ ಬರವಣಿಗೆ ಎಲ್ಲಿ, ಅದೇ ಹೆಜ್ಜೆ ಹಾಕಿದರೆ ಇನ್ನೊಬ್ಬ ತಜ್ಞರಿಗೂ ಇದೇ ಚಿತ್ರ ಬರುತ್ತದೆಯೇ ಅಂತ.

"ಸಾಕ್ಷಿಗೆ ಬೇಡ ಸಾರ್, ಸುಳಿವಿಗಾದರೂ ಬಳಸಬಹುದಲ್ಲ?" ಇದು ಸಭೆಯಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಕೇಳಿದ್ದು. ನನ್ನ ಉತ್ತರ ಬೇಡ ಅಂತಲೇ. ಆ ನಂಬರನ್ನು ವಾಹನ ನೋಂದಣಿ ದಾಖಲೆಯಲ್ಲಿ ಹಾಕಿದರೆ ಒಂದು ನಿಜವಾದ ಹೆಸರು, ನಿಜವಾದ ಮನೆ ವಿಳಾಸ ಬರುತ್ತದೆ. ನಮ್ಮೂರಿನಲ್ಲಿ ಬೂದು ಬಣ್ಣದ ಅದೇ ಮಾದರಿಯ ಸ್ಕೂಟರ್ ಸಾವಿರಗಟ್ಟಲೆ ಇವೆ, ಅವನದೂ ಅದೇ ಆಗಿದ್ದರೆ "ಮ್ಯಾಚ್ ಆಯ್ತು" ಅನ್ನುತ್ತೇವೆ. ಆಮೇಲೆ ಸರ ಕಳೆದುಕೊಂಡ ಹೆಂಗಸಿಗೆ ಅವನ ಫೋಟೊ ತೋರಿಸುತ್ತೇವೆ. ಕತ್ತಲಲ್ಲಿ ಅರೆಕ್ಷಣ ನೋಡಿದ ಮುಖದ ಜಾಗದಲ್ಲಿ ಈ ಫೋಟೊ ಬಂದು ಕೂರುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಒಂದನ್ನೊಂದು ಬೆಂಬಲಿಸುವ ಸಾಕ್ಷ್ಯದ ಹಾಗೆ ಕಾಣುತ್ತವೆ, ಬುಡದಲ್ಲಿ ಇರುವುದು ಮಾತ್ರ ಒಂದು ಊಹೆ. ಬೆಳಗಿನ ಜಾವ ಬಾಗಿಲು ಬಡಿಸಿಕೊಳ್ಳುವವನು ಯಾವ ಸಂಬಂಧವೂ ಇಲ್ಲದವನಾಗಿರಬಹುದು.

ಸುಳಿವು ಬೇಕಾದರೆ ದಾರಿ ಇದೆ, ಅದು ತಿರುವುಮುರುವು. ಮಸುಕಿನಿಂದ ಅಂಕಿಗೆ ಹೋಗಬೇಡಿ, ಅಂಕಿಯಿಂದ ಮಸುಕಿಗೆ ಬನ್ನಿ. ಅದೇ ಕ್ಯಾಮೆರಾ, ಅದೇ ಜಾಗ, ಅದೇ ಹೊತ್ತು. ಗೊತ್ತಿರುವ ನಂಬರಿನ ಸ್ಕೂಟರ್‌ಗಳನ್ನು ಅದೇ ವೇಗದಲ್ಲಿ ಓಡಿಸಿ, ಅದೇ ಡಿವಿಆರ್‌ನಿಂದ ಅದೇ ರೀತಿ ತೆಗೆಯಿರಿ. ನಂಬರ್ ಗೊತ್ತಿಲ್ಲದ, ಶಂಕಿತ ಯಾರೆಂದೂ ಗೊತ್ತಿಲ್ಲದ ಒಬ್ಬರಿಗೆ ಕೊಟ್ಟು ಓದಿಸಿ. ಅವರು 8ನ್ನು ಆಗಾಗ 6 ಅಂತ ಓದುತ್ತಿದ್ದರೆ ಈ ಕ್ಯಾಮೆರಾದಲ್ಲಿ 6 ಮತ್ತು 8 ಬೇರೆ ಬೇರೆ ಅಲ್ಲ. ಅಲ್ಲಿಗೆ ವರದಿ ಹೀಗೆ ಬರುತ್ತದೆ: ಮೊದಲ ಅಂಕಿ 1, ಅದರ ಪಕ್ಕ ಖಾಲಿ ಜಾಗ ಕಾಣುತ್ತಿದೆ. ಎರಡನೆಯದು 0, 6, 8, 9ರಲ್ಲಿ ಒಂದು. ಮೂರನೆಯದು 4. ಕೊನೆಯದು 3, 5 ಅಥವಾ 8. ಹನ್ನೆರಡು ಸಾಧ್ಯತೆ. ಆ ಹನ್ನೆರಡರಲ್ಲಿ ಯಾವುದು ಬೂದು ಸ್ಕೂಟರ್, ಅದರಲ್ಲಿ ಯಾವುದು ಆ ಸಂಜೆ ಮುಂದಿನ ಸರ್ಕಲ್ಲಿನ ಕ್ಯಾಮೆರಾದಲ್ಲಿ ಹಾದುಹೋಗಿದೆ ಅಂತ ಹುಡುಕಬಹುದು. ಇದಕ್ಕೆ ಕಾಲು ಸವೆಯುತ್ತದೆ, ಆದರೆ ನಿಜವಾದ ಸ್ಕೂಟರ್ ಆ ಪಟ್ಟಿಯೊಳಗೆ ಇರುವ ಸಂಭವ ಹೆಚ್ಚು. 2 ಮತ್ತು 7 ಕೊನೆಯ ಅಂಕಿಯಾಗಲು ಸಾಧ್ಯವಿಲ್ಲ ಅಂತ ಗಟ್ಟಿಯಾಗಿ ಹೇಳಲು ಬಂದರೆ ಅದೂ ಸಣ್ಣ ಸಂಗತಿಯಲ್ಲ, ಅಂಥ ನಂಬರಿನ ನಿರಪರಾಧಿಯೊಬ್ಬ ಅಲ್ಲೇ ಬಿಡುಗಡೆಯಾಗುತ್ತಾನೆ.

ಕೊನೆಗೆ ಅಂಗಡಿ ಮಾಲೀಕರೊಬ್ಬರು ಕೇಳಿದರು: "ಹಾಗಾದ್ರೆ ನಾವು ಎಂಥ ಕ್ಯಾಮೆರಾ ಹಾಕ್ಬೇಕು?" ಬೀದಿಯನ್ನೆಲ್ಲ ನೋಡುವ 2.8 ಲೆನ್ಸ್ ಒಂದಿರಲಿ, ಏನಾಯಿತು ಅಂತ ತಿಳಿಯಲು ಅದು ಬೇಕು. ಯಾರು ಅಂತ ತಿಳಿಯಲು ಇನ್ನೊಂದು ಬೇಕು. ಅದೇ ಎರಡು ಮೆಗಾಪಿಕ್ಸೆಲ್ ಸಾಕು, ಲೆನ್ಸ್ ಮಾತ್ರ 12 ಮಿ.ಮೀ. ಅದು 10 ಮೀಟರ್ ದೂರದಲ್ಲಿ ಐದು ಮೀಟರಿಗಿಂತ ಕಡಿಮೆ ಅಗಲ ನೋಡುತ್ತದೆ, ಒಂದು ಮೀಟರಿಗೆ 400 ಪಿಕ್ಸೆಲ್ ಬರುತ್ತದೆ. ಮೂರು ಪಿಕ್ಸೆಲ್ ಇದ್ದ ಅಂಕಿ 16 ಆಗುತ್ತದೆ. ವಾಹನಗಳು ನಿಧಾನ ಮಾಡಲೇಬೇಕಾದ ತಿರುವಿಗೋ ಹಂಪ್‌ಗೋ ಗುರಿಯಿಡಿ, ಶಟರನ್ನು ಆಟೊದಲ್ಲಿ ಬಿಡದೆ 1/250ಕ್ಕೆ ನಿಲ್ಲಿಸಿ. ಚಿತ್ರ ಕತ್ತಲಾಗುತ್ತದೆ, ಗಾಬರಿಯಾಗಬೇಡಿ, ಬೇಕಾದರೆ ಅಲ್ಲೊಂದು ದೀಪ ಹಾಕಿಸಿ. ಅಳವಡಿಸಿದವರಿಗೆ ದುಡ್ಡು ಕೊಡುವ ಮೊದಲು ಕತ್ತಲಾದ ಮೇಲೆ ನಿಮ್ಮದೇ ಸ್ಕೂಟರನ್ನು ಅದರ ಮುಂದೆ ಓಡಿಸಿ, ಡಿವಿಆರ್‌ನಿಂದ ಪೆನ್‌ಡ್ರೈವಿಗೆ ತೆಗೆದು, ಪಕ್ಕದ ಅಂಗಡಿಯವರಿಗೆ ತೋರಿಸಿ ನಂಬರ್ ಓದಲು ಹೇಳಿ.